ಐವತ್ತು ರೂಪಾಯಿಯ ಅರ್ಜಿಗೆ ಒಂಬತ್ತು ಸಾವಿರ ಬಿದ್ದಿದ್ದು ಹೇಗೆ?

ಖಾರಘರದಿಂದ ಮಾತಾಡ್ತಾ ಇದೀನಿ. ವಿಡಿಯೋ ನೋಡೋಕೆ ಪುರಸೊತ್ತಿಲ್ಲ, ಲೋಕಲ್‌ನಲ್ಲಿ ನಿಂತ್ಕೊಂಡೇ ಓದ್ತೀವಿ ಅನ್ನೋರಿಗೆ ಎಂದಿನಂತೆ ಇದು ಅದರ ಬರಹ ರೂಪ. ಮಾತಿನಲ್ಲಿ ಅಲ್ಲಲ್ಲಿ ಎಳೆದಿದ್ದನ್ನ ಇಲ್ಲಿ ಸ್ವಲ್ಪ ನೇರ ಮಾಡಿದೀನಿ.

ಇವತ್ತಿನ ವಿಷಯ ಶುರುವಾಗಿದ್ದು ಒಂದು ಫೋನ್‌ನಿಂದ. ಧಾರವಾಡ ಕಡೆಯ ಹುಡುಗ, ಡೊಂಬಿವಲಿಯಲ್ಲಿ ಮೂವರು ರೂಮ್‌ಮೇಟ್‌ಗಳ ಜೊತೆ ಇದಾನೆ, ಐದು ವರ್ಷದ ಜಾವಾ ಅನುಭವ. "ಅಣ್ಣಾ, ಎರಡು ತಿಂಗಳಿಂದ ಅಪ್ಲೈ ಮಾಡಾಕತ್ತೀನಿ. ಒಂದೂ ಕಾಲ್ ಬರವಲ್ದು. ನಮ್ಮ ರೆಸ್ಯೂಮೆ ಯಾರರ ನೋಡ್ತಾರೋ ಇಲ್ಲೋ?" ಅಂತ ಕೇಳ್ದ. ಅಪ್ಲೈ ಮಾಡಿದ ಕಡೆಗಳ ಪಟ್ಟಿ ಕಳಿಸು ಅಂದೆ. ಅದರಲ್ಲಿ ನಾನು ಕೆಲಸ ಮಾಡೋ ಐರೋಲಿ ಆಫೀಸಿನ ಹೆಸರೂ ಇತ್ತು.

ನನ್ನ ಕೆಲಸ ಏನು ಅಂದ್ರೆ, ಕಂಪನಿಯ ನೇಮಕಾತಿ ಜಾಹೀರಾತುಗಳ ಲೆಕ್ಕ ತೋರಿಸೋ ಡ್ಯಾಶ್‌ಬೋರ್ಡ್ ನೋಡ್ಕೊಳ್ಳೋದು. ಅಂದ್ರೆ ಅವನ ಅರ್ಜಿ ನನ್ನ ಟೇಬಲ್‌ನಲ್ಲೇ ಒಂದು ಸಾಲಾಗಿ ಇರಬೇಕು. ಇತ್ತು ಕೂಡ. ಆ ಸಾಲಿನಲ್ಲಿ `qualified` ಅನ್ನೋ ಕಾಲಂ ಮುಂದೆ 0 ಇತ್ತು. ಆ ಸೊನ್ನೆ ಅಲ್ಲಿಗೆ ಹೇಗೆ ಬಂತು ಅನ್ನೋದೇ ಇವತ್ತಿನ ಕತೆ. ಕಂಪನಿ ಹೆಸರು ಹೇಳಲ್ಲ. ಲೆಕ್ಕ ಸುಲಭ ಆಗ್ಲಿ ಅಂತ ಅಂಕಿಗಳನ್ನ ದುಂಡು ಮಾಡಿದೀನಿ, ಅವುಗಳ ಅನುಪಾತ ಮಾತ್ರ ಹಾಗೇ ಇದೆ.

ಮೊದಲ ಸುತ್ತು: ಅಗ್ಗದ ಅರ್ಜಿ

ಜೂನ್‌ನಲ್ಲಿ ನಾಲ್ಕು ಜಾವಾ ಬ್ಯಾಕ್‌ಎಂಡ್ ಪೋಸ್ಟ್ ಖಾಲಿ ಇತ್ತು. ನಾಲ್ಕರಿಂದ ಏಳು ವರ್ಷ ಅನುಭವ, ವಾರಕ್ಕೆ ಮೂರು ದಿನ ಐರೋಲಿ ಆಫೀಸಿಗೆ ಬರಬೇಕು. ಮೂರು ಕಡೆ ಜಾಹೀರಾತು ಹಾಕಿದ್ವಿ. ಒಂದು, ಸೋಷಿಯಲ್ ಮೀಡಿಯಾದಲ್ಲಿ ಅಲ್ಲೇ ತುಂಬಿ ಕಳಿಸೋ ಫಾರ್ಮ್. ಎರಡು, ಜಾಬ್ ಪೋರ್ಟಲ್. ಮೂರು, ವೃತ್ತಿಪರರ ನೆಟ್‌ವರ್ಕ್‌ನಲ್ಲಿ ಪ್ರಾಯೋಜಿತ ಪೋಸ್ಟ್. ಆರು ವಾರದ ನಂತರ ಡ್ಯಾಶ್‌ಬೋರ್ಡ್ ಹೀಗಿತ್ತು:

| ಎಲ್ಲಿ | ಖರ್ಚು | ಅರ್ಜಿಗಳು | ಒಂದು ಅರ್ಜಿಗೆ |
|---|---|---|---|
| ಸೋಷಿಯಲ್ ಫಾರ್ಮ್ | ₹40,000 | 800 | ₹50 |
| ಪೋರ್ಟಲ್ | ₹60,000 | 300 | ₹200 |
| ನೆಟ್‌ವರ್ಕ್ | ₹80,000 | 100 | ₹800 |

ಕೊನೆಯ ಕಾಲಂಗೆ ಕಾಸ್ಟ್ ಪರ್ ಅಪ್ಲಿಕೆಂಟ್ ಅಂತಾರೆ. ನಾನು ಅರ್ಜಿ ದರ ಅಂತೀನಿ. ಇದನ್ನ ನೋಡಿದ ಯಾರಾದ್ರೂ ಹೇಳೋದು ಒಂದೇ: ಸೋಷಿಯಲ್ ಫಾರ್ಮ್‌ಗೇ ದುಡ್ಡು ಹಾಕಿ, ನೆಟ್‌ವರ್ಕ್ ನಿಲ್ಲಿಸಿ. ನಮ್ಮ ಮೀಟಿಂಗ್‌ನಲ್ಲೂ ಇದೇ ತೀರ್ಮಾನ ಆಗೋದ್ರಲ್ಲಿತ್ತು. ಆಗ ರೆಸ್ಯೂಮೆಗಳನ್ನ ನಿಜವಾಗಿ ಓದೋ ರಿಕ್ರೂಟರ್ ಮೇಡಂ ಕೇಳಿದ್ರು: "ಆ ಎಂಟುನೂರರಲ್ಲಿ ಎಷ್ಟು ಜನಕ್ಕೆ ನಾನು ಫೋನ್ ಮಾಡಿದೆ, ಗೊತ್ತಾ?"

ಅವರು ಇಂಟರ್‌ವ್ಯೂಗೆ ಮುಂದೆ ಕಳಿಸಿದ್ದು ಎಂಟು ಜನರನ್ನ. ಪೋರ್ಟಲ್‌ನಿಂದ 30, ನೆಟ್‌ವರ್ಕ್‌ನಿಂದ 20. ಈಗ ಭಾಗಾಕಾರದಲ್ಲಿ ಕೆಳಗಿನ ಸಂಖ್ಯೆ ಬದಲಾಗತ್ತೆ. 40,000 ಅನ್ನ 800ರ ಬದಲು 8ರಿಂದ ಭಾಗಿಸಿದ್ರೆ ₹5,000. ಪೋರ್ಟಲ್ ₹2,000, ನೆಟ್‌ವರ್ಕ್ ₹4,000. ಇದೇ ಕಾಸ್ಟ್ ಪರ್ ಕ್ವಾಲಿಫೈಡ್ ಅಪ್ಲಿಕೆಂಟ್, ಅಂದ್ರೆ ಅರ್ಹ ಅರ್ಜಿ ದರ. ಅತಿ ಅಗ್ಗ ಅಂದ್ಕೊಂಡಿದ್ದು ಅತಿ ದುಬಾರಿ ಆಯ್ತು.

ಲೆಕ್ಕ ಇಲ್ಲಿಗೂ ಮುಗಿಯಲ್ಲ. ಒಂದು ಅರ್ಜಿ ತೆಗೆದು ನೋಡಿ, ಬೇಕಾದ್ರೆ ಫೋನ್ ಮಾಡಿ, ಹೌದು ಅಥವಾ ಇಲ್ಲ ಅಂತ ಬರೆಯೋಕೆ ಮೇಡಂಗೆ ಸರಾಸರಿ ಆರು ನಿಮಿಷ ಬೇಕು. ಎಂಟುನೂರು ಅರ್ಜಿಗೆ 80 ಗಂಟೆ, ಅಂದ್ರೆ ಎರಡು ಪೂರ್ತಿ ವಾರ. ಗಂಟೆಗೆ ₹400 ಅಂತ ಹಿಡಿದ್ರೆ ₹32,000 ಆಯ್ತು. ಜಾಹೀರಾತಿನ ಬಿಲ್‌ಗೆ ಇದನ್ನ ಸೇರಿಸಿದ್ರೆ ಸೋಷಿಯಲ್ ಫಾರ್ಮ್‌ನ ಒಂದು ಅರ್ಹ ಅರ್ಜಿಗೆ ಬಿದ್ದಿದ್ದು 72,000 ಭಾಗಿಸು 8, ಅಂದ್ರೆ ₹9,000. ಅದೇ ರೀತಿ ಪೋರ್ಟಲ್‌ಗೆ ₹2,400, ನೆಟ್‌ವರ್ಕ್‌ಗೆ ₹4,200.

ಸಂಬಳದ ಗಂಟೆಗಳನ್ನ ಸೇರಿಸೋದು ನನ್ನ ಹೊಸ ಐಡಿಯಾ ಏನಲ್ಲ. ಅಮೆರಿಕದ ಎಚ್‌ಆರ್ ವೃತ್ತಿಪರರ ಸಂಘ ಎಸ್‌ಎಚ್‌ಆರ್‌ಎಂ 2012ರಲ್ಲಿ ಒಬ್ಬರ ನೇಮಕಕ್ಕೆ ಬೀಳೋ ಖರ್ಚಿಗೆ ಒಂದು ಸ್ಟ್ಯಾಂಡರ್ಡ್ ತಂತು. ಅದರ ಸೂತ್ರದಲ್ಲಿ ಹೊರಗೆ ಕೊಟ್ಟ ದುಡ್ಡೂ ಇದೆ, ಒಳಗಿನ ಖರ್ಚೂ ಇದೆ. ಎರಡನ್ನೂ ಕೂಡಿ, ಸೇರಿದ ಜನರ ಸಂಖ್ಯೆಯಿಂದ ಭಾಗಿಸಬೇಕು. ಜಾಹೀರಾತಿನ ಡ್ಯಾಶ್‌ಬೋರ್ಡ್‌ಗಳಲ್ಲಿ ಹೊರಗಿನ ಬಿಲ್ ತಾನಾಗೇ ಬರತ್ತೆ, ಒಳಗಿನ ಗಂಟೆಗಳನ್ನ ಯಾರಾದ್ರೂ ಕೂತು ತುಂಬಬೇಕು. ಹಾಗಾಗಿ ಅದು ಬಿಟ್ಟು ಹೋಗತ್ತೆ.

"ಹಾಗಾದ್ರೆ ನೇರವಾಗಿ ಒಂದು ನೇಮಕಕ್ಕೆ ಎಷ್ಟು ಅಂತಲೇ ನೋಡಬಹುದಲ್ಲ?" ಅಂತ ನೀವು ಕೇಳಬಹುದು. ನೋಡಿದ್ವಿ. ಆ ಸುತ್ತಿನಲ್ಲಿ ಪೋರ್ಟಲ್‌ನಿಂದ ಇಬ್ಬರು, ನೆಟ್‌ವರ್ಕ್‌ನಿಂದ ಒಬ್ಬರು ಆಫರ್ ಒಪ್ಪಿದ್ರು. ಪೋರ್ಟಲ್‌ಗೆ ತಲಾ ₹36,000, ನೆಟ್‌ವರ್ಕ್‌ಗೆ ₹84,000. ಆದ್ರೆ ನೆಟ್‌ವರ್ಕ್‌ನಿಂದ ಇನ್ನೊಬ್ಬರು ಹೂಂ ಅಂದಿದ್ರೆ ಆ 84 ಸಾವಿರ ಒಂದೇ ಏಟಿಗೆ 42 ಆಗ್ತಿತ್ತು. ಒಂದೆರಡು ಜನರ ಮೇಲೆ ನಿಂತ ಸಂಖ್ಯೆ ಹೀಗೇ ಜೋಲಿ ಹೊಡೆಯತ್ತೆ. ಅರ್ಹ ಅರ್ಜಿಗಳು ಇಪ್ಪತ್ತು ಮೂವತ್ತು ಇರತ್ವೆ, ಅದೂ ಎರಡು ಮೂರು ವಾರದಲ್ಲೇ ಗೊತ್ತಾಗತ್ತೆ. ಸಣ್ಣ ಸಂಖ್ಯೆಯ ನೇಮಕಾತಿಯಲ್ಲಿ ಈ ಅಳತೆ ಕೆಲಸಕ್ಕೆ ಬರೋದು ಅದಕ್ಕೇ. ಇದು ಅಂತಿಮ ಸತ್ಯ ಅಲ್ಲ, ನಂಬಬಹುದಾದ ಮೊದಲ ಸೂಚನೆ ಅಷ್ಟೆ.

ಕೋಡ್ ನೋಡೋ ಆಸೆ ಇರೋರಿಗೆ, ಇಡೀ ಗುಟ್ಟು ಇಷ್ಟೇ:

```sql
SELECT source,
       ad_spend / NULLIF(applied, 0) AS cost_per_applicant,
       (ad_spend + screen_cost)
         / NULLIF(qualified, 0)      AS cost_per_qualified
FROM campaign_summary;
```

`source` ಸರಿ ಇದ್ರೆ ಮಾತ್ರ ಇದಕ್ಕೆ ಅರ್ಥ. ನಾವು ಪ್ರತಿ ಜಾಹೀರಾತಿನ ಲಿಂಕ್‌ಗೆ `utm_source=portal` ಅನ್ನೋ ಥರ ಬಾಲ ಹಚ್ಚಿ, ಅದನ್ನ ಅರ್ಜಿಯ ಜೊತೆಗೇ ಉಳಿಸ್ತೀವಿ. ಒಬ್ಬನೇ ಎರಡು ಕಡೆಯಿಂದ ಅಪ್ಲೈ ಮಾಡಿದ್ರೆ ಫೋನ್ ನಂಬರ್ ಮತ್ತು ಇಮೇಲ್ ತಾಳೆ ಹಾಕಿ, ಮೊದಲು ಬಂದ ದಾರಿಗೆ ಲೆಕ್ಕ ಕೊಡ್ತೀವಿ. ಬೇರೆ ನಿಯಮ ಇಟ್ಕೊಂಡ್ರೂ ನಡೆಯತ್ತೆ, ಸುತ್ತಿನ ಮಧ್ಯೆ ಅದನ್ನ ಬದಲಾಯಿಸಬಾರದು.

ಯಂತ್ರ ಕೇಳಿದ್ದನ್ನೇ ಕೊಡ್ತು

ಸೋಷಿಯಲ್ ಫಾರ್ಮ್‌ನಿಂದ ಎಂಟುನೂರು ಅರ್ಜಿ ಬಂದು ಎಂಟೇ ಅರ್ಹ ಆಗಿದ್ದು ಯಾಕೆ? ತಪ್ಪು ನಮ್ಮದೇ. ಜಾಹೀರಾತು ಹಾಕುವಾಗ ಗುರಿ ಏನು ಅಂತ ಕೇಳತ್ತೆ. ನಾವು "ಫಾರ್ಮ್ ತುಂಬಿ ಕಳಿಸೋದು" ಅಂತ ಆರಿಸಿದ್ವಿ. ಹೆಸರು, ಫೋನ್, ಇಮೇಲ್ ಮೊದಲೇ ತುಂಬಿರತ್ತೆ, ಎರಡು ಸಲ ಒತ್ತಿದ್ರೆ ಅರ್ಜಿ ಹೋಗತ್ತೆ. ಪ್ಲಾಟ್‌ಫಾರ್ಮ್ ತನಗೆ ಕೊಟ್ಟ ದುಡ್ಡಿನಲ್ಲಿ ಹೆಚ್ಚು ಫಾರ್ಮ್ ತರೋ ಜನರನ್ನ ಹುಡುಕಿ ತೋರಿಸ್ತಾ ಹೋಯ್ತು. ಅವರು ಕೈಗೆ ಸಿಕ್ಕ ಫಾರ್ಮ್‌ನೆಲ್ಲ ತುಂಬೋ ಜನ. ಅದರಲ್ಲಿ ಫ್ರೆಶರ್‌ಗಳಿದ್ರು, ಅಕೌಂಟೆಂಟ್‌ಗಳಿದ್ರು, ತಪ್ಪಿ ಒತ್ತಿದವರೂ ಇದ್ರು.

ಇನ್ನೊಂದು ತಪ್ಪು ಊರಿನದ್ದು. ಜಾಹೀರಾತಿನಲ್ಲಿ ಜಾಗ "ಮುಂಬೈ" ಅಂತ ಬರೆದಿದ್ವಿ. ಇಲ್ಲಿರೋ ನಮಗೆ ಗೊತ್ತು, ಮುಂಬೈ ಅಂದ್ರೆ ಒಂದು ಜಾಗ ಅಲ್ಲ. ಖಾರಘರದಿಂದ ಐರೋಲಿಗೆ ಪನವೇಲ್-ಠಾಣೆ ಲೋಕಲ್ ಹಿಡಿದ್ರೆ ಒಂದೇ ಗಾಡಿ. ಡೊಂಬಿವಲಿ, ಕಲ್ಯಾಣದವರು ಠಾಣೆಯಲ್ಲಿ ಒಮ್ಮೆ ಇಳಿದು ಟ್ರಾನ್ಸ್-ಹಾರ್ಬರ್ ಹತ್ತಿದ್ರೆ ಆಯ್ತು. ವಿರಾರ್, ಬೋರಿವಲಿಯವರು ವೆಸ್ಟರ್ನ್ ಲೈನ್ ಬಿಟ್ಟು, ಸೆಂಟ್ರಲ್ ಹಿಡಿದು, ಆಮೇಲೆ ಮತ್ತೊಂದು ಗಾಡಿ ಹತ್ತಬೇಕು. ಕೌಶಲ ಚೆನ್ನಾಗಿದ್ದ ಎಷ್ಟೋ ಜನ ಫೋನ್‌ನಲ್ಲಿ ಐರೋಲಿ ಅಂದ ಕೂಡಲೇ "ಆಗಲ್ಲ ಮೇಡಂ" ಅಂದಿದ್ರು. ಆ ಆರಾರು ನಿಮಿಷಕ್ಕೆಲ್ಲ ನಾವೇ ದುಡ್ಡು ಕೊಟ್ಟಿದ್ವಿ.

ಸೆಪ್ಟೆಂಬರ್‌ನಲ್ಲಿ, ಉಳಿದ ಒಂದು ಪೋಸ್ಟ್‌ಗೆ ಎರಡನೇ ಸುತ್ತು ಹಾಕಿದಾಗ ಮೂರು ಬದಲಾವಣೆ ಮಾಡಿದ್ವಿ. ಶೀರ್ಷಿಕೆಯಲ್ಲೇ "ಐರೋಲಿ, ವಾರಕ್ಕೆ 3 ದಿನ" ಅಂತ ಹಾಕಿದ್ವಿ. ಫಾರ್ಮ್‌ನಲ್ಲಿ ಎರಡು ಪ್ರಶ್ನೆ ಸೇರಿಸಿದ್ವಿ: ಜಾವಾದಲ್ಲಿ ಎಷ್ಟು ವರ್ಷ, ಮತ್ತು ಐರೋಲಿಗೆ ಬರೋಕೆ ಆಗತ್ತಾ. ಮೂರನೆಯದು, ಫಾರ್ಮ್ ಕಳಿಸಿದ್ದರ ಬದಲು "ಎರಡೂ ಪ್ರಶ್ನೆಗೆ ಸರಿ ಉತ್ತರ ಕೊಟ್ಟವರು" ಅನ್ನೋ ಮಾಹಿತಿಯನ್ನ ಪ್ಲಾಟ್‌ಫಾರ್ಮ್‌ಗೆ ವಾಪಸ್ ಕಳಿಸಿ, ಅದನ್ನೇ ಗುರಿ ಮಾಡಿದ್ವಿ.

"ಮೇಡಂ ಒಪ್ಪಿದ ಅರ್ಹರನ್ನೇ ಯಾಕೆ ವಾಪಸ್ ಕಳಿಸಲಿಲ್ಲ?" ಇಲ್ಲಿ ಒಂದು ಮಿತಿ ಇದೆ. ಇಂಥ ಯಂತ್ರಗಳು ಕಲಿಯೋಕೆ ಸಾಕಷ್ಟು ಉದಾಹರಣೆ ಬೇಕು. ಮೆಟಾ ತನ್ನ ಜಾಹೀರಾತುದಾರರಿಗೆ ಕೊಡೋ ಸೂಚನೆಯಲ್ಲಿ ಒಂದು ಆಡ್ ಸೆಟ್‌ಗೆ ವಾರದಲ್ಲಿ ಸುಮಾರು 50 ಫಲಿತಾಂಶ ಬೇಕು ಅಂತ ಇದೆ. ಸಣ್ಣ ನೇಮಕಾತಿಯಲ್ಲಿ ಇಡೀ ಸುತ್ತಿಗೇ ಅಷ್ಟು ಅರ್ಹರು ಸಿಗಲ್ಲ. ಹಾಗಾಗಿ ಅರ್ಹತೆಗೆ ಹತ್ತಿರ ಇರೋ, ಆದ್ರೆ ಇನ್ನೂ ಹೆಚ್ಚು ಸಲ ಆಗೋ ಒಂದು ಮೆಟ್ಟಿಲನ್ನ ಆರಿಸಬೇಕು. ಎರಡು ಪ್ರಶ್ನೆ ದಾಟಿದವರು ಅನ್ನೋದು ಅಂಥ ಮೆಟ್ಟಿಲು.

ಫಲ ಏನಾಯ್ತು? ಅದೇ ₹40,000ಕ್ಕೆ ಈ ಸಲ 160 ಅರ್ಜಿ. ಅರ್ಜಿ ದರ ₹50ರಿಂದ ₹250ಕ್ಕೆ, ಐದು ಪಟ್ಟು ಏರಿತು. ಡ್ಯಾಶ್‌ಬೋರ್ಡ್ ಕೆಂಪಾಯ್ತು, ನನಗೆ ಮೇಲಿಂದ ಮೆಸೇಜ್ ಬಂತು. ಆದ್ರೆ ಆ 160ರಲ್ಲಿ ಅರ್ಹರು 24. ನೋಡೋಕೆ ಹಿಡಿದಿದ್ದು 80 ಗಂಟೆ ಅಲ್ಲ, 16 ಗಂಟೆ. ಎಲ್ಲ ಸೇರಿ ಅರ್ಹ ಅರ್ಜಿ ದರ ₹9,000ದಿಂದ ಸುಮಾರು ₹1,930ಕ್ಕೆ ಇಳಿದಿತ್ತು. ಆ ದಿನವೇ ಅರ್ಜಿ ದರದ ಕಾಲಂ ಅನ್ನ ಮೊದಲ ಪುಟದಿಂದ ತೆಗೆದೆ.

ಗಡಿಯಾರ ಎಲ್ಲಿ ಶುರು, ಎಲ್ಲಿ ನಿಲ್ಲತ್ತೆ

ದುಡ್ಡಿನ ಜಗಳ ಮುಗೀತು ಅನ್ನೋವಾಗ ದಿನಗಳ ಜಗಳ ಶುರುವಾಯ್ತು. ಅಕ್ಟೋಬರ್‌ನಲ್ಲಿ ಎಚ್‌ಆರ್ ಕಡೆಯವರು "ನಮ್ಮ ಟೈಮ್ ಟು ಹೈರ್ 24 ದಿನ" ಅಂದ್ರು. ಪ್ರಾಜೆಕ್ಟ್ ಮ್ಯಾನೇಜರ್ ಮೇಜು ಕುಟ್ಟಿ "ನನಗೆ ಹುಡುಗ ಸಿಕ್ಕಿದ್ದು 135 ದಿನಕ್ಕೆ" ಅಂದ್ರು. ಇಬ್ಬರೂ ಮಾತಾಡ್ತಿದ್ದಿದ್ದು ಒಬ್ಬನೇ ಅಭ್ಯರ್ಥಿಯ ಬಗ್ಗೆ. ಇಬ್ಬರೂ ಸುಳ್ಳು ಹೇಳಿರಲಿಲ್ಲ.

ತಾರೀಖುಗಳನ್ನ ನೋಡಿ. ಪೋಸ್ಟ್‌ಗೆ ಒಪ್ಪಿಗೆ ಸಿಕ್ಕಿದ್ದು ಜೂನ್ 3. ಜಾಹೀರಾತು ಲೈವ್ ಆಗಿದ್ದು ಜೂನ್ 17. ಅವನು ಅಪ್ಲೈ ಮಾಡಿದ್ದು ಜೂನ್ 24. ಆಫರ್ ಒಪ್ಪಿದ್ದು ಜುಲೈ 18. ಆಫೀಸಿಗೆ ಬಂದಿದ್ದು ಅಕ್ಟೋಬರ್ 16.

ಟೈಮ್ ಟು ಹೈರ್ ಅನ್ನೋ ಗಡಿಯಾರ ಅಭ್ಯರ್ಥಿ ಅಪ್ಲೈ ಮಾಡಿದ ದಿನ ಶುರುವಾಗಿ, ಆಫರ್ ಒಪ್ಪಿದ ದಿನ ನಿಲ್ಲತ್ತೆ. ಜೂನ್ 24ರಿಂದ ಜುಲೈ 18, ಅಂದ್ರೆ 24 ದಿನ. ಟೈಮ್ ಟು ಫಿಲ್ ಅನ್ನೋದು ಪೋಸ್ಟ್‌ಗೆ ಒಪ್ಪಿಗೆ ಸಿಕ್ಕ ದಿನದಿಂದ. ಅದು 45 ದಿನ. ಮ್ಯಾನೇಜರ್ ಎಣಿಸ್ತಿದ್ದಿದ್ದು ಅಲ್ಲಿಂದ ಕುರ್ಚಿಯಲ್ಲಿ ಕೂತ ದಿನದವರೆಗೆ. ಕೊನೆಯ 90 ದಿನ ಏನು ಅಂತ ನಿಮಗೆ ಹೇಳಬೇಕಾಗಿಲ್ಲ. ನಮ್ಮಲ್ಲಿ ಬಹಳ ಜನರ ಕಾಂಟ್ರ್ಯಾಕ್ಟ್‌ನಲ್ಲೇ ಇರೋ ಮೂರು ತಿಂಗಳ ನೋಟಿಸ್ ಪೀರಿಯಡ್ ಅದು.

ಈ 135 ದಿನದಲ್ಲಿ ಜಾಹೀರಾತಿನ ಕೈಯಲ್ಲಿದ್ದಿದ್ದು ಎಷ್ಟು? ಜೂನ್ 17ರಿಂದ 24ರವರೆಗೆ, ಏಳು ದಿನ. ಜೂನ್ 3ರಿಂದ 17ರವರೆಗಿನ ಹದಿನಾಲ್ಕು ದಿನ ಜಾಬ್ ವಿವರಣೆ ಒಬ್ಬರ ಇನ್‌ಬಾಕ್ಸ್‌ನಿಂದ ಇನ್ನೊಬ್ಬರ ಇನ್‌ಬಾಕ್ಸ್‌ಗೆ ಓಡಾಡ್ತಾ ಇತ್ತು. ಜಾಹೀರಾತಿಗೆ ಎರಡು ಪಟ್ಟು ದುಡ್ಡು ಹಾಕಿದ್ರೂ ಆ ಎರಡು ವಾರ ವಾಪಸ್ ಬರಲ್ಲ.

ಟೈಮ್ ಟು ಹೈರ್‌ಗೆ ಇನ್ನೊಂದು ಕಳ್ಳ ಬಾಗಿಲಿದೆ. ಆ ನಾಲ್ಕನೇ ಪೋಸ್ಟ್ ನೆನಪಿದೆಯಲ್ಲ? ಅದಕ್ಕೂ ಜೂನ್ 3ಕ್ಕೇ ಒಪ್ಪಿಗೆ ಸಿಕ್ಕಿತ್ತು. ಎರಡನೇ ಸುತ್ತಿನಲ್ಲಿ ಒಬ್ಬರು ಸೆಪ್ಟೆಂಬರ್ 20ಕ್ಕೆ ಅಪ್ಲೈ ಮಾಡಿ ಅಕ್ಟೋಬರ್ 9ಕ್ಕೆ ಆಫರ್ ಒಪ್ಪಿದ್ರು. ಟೈಮ್ ಟು ಹೈರ್ 19 ದಿನ. ನಾಲ್ಕರಲ್ಲಿ ಅತಿ ವೇಗದ ನೇಮಕ! ಆದ್ರೆ ಕುರ್ಚಿ ಖಾಲಿ ಬಿದ್ದಿದ್ದು ಆಗಲೇ 128 ದಿನ. ಅದೂ ಅಲ್ಲದೆ, ಸೆಪ್ಟೆಂಬರ್‌ವರೆಗೆ ಆ ಪೋಸ್ಟ್ ಸರಾಸರಿಯಲ್ಲೇ ಇರಲಿಲ್ಲ, ಯಾಕಂದ್ರೆ ತುಂಬದ ಪೋಸ್ಟ್‌ಗೆ ಟೈಮ್ ಟು ಹೈರ್ ಇರೋದೇ ಇಲ್ಲ. ತುಂಬೋಕೆ ಅತಿ ಕಷ್ಟವಾದ ಪೋಸ್ಟ್‌ಗಳೇ ಲೆಕ್ಕದಿಂದ ಹೊರಗುಳಿದು ಸರಾಸರಿ ಚೆನ್ನಾಗಿ ಕಾಣತ್ತೆ. ಹಾಗಾಗಿ ಈ ಸಂಖ್ಯೆಯ ಪಕ್ಕದಲ್ಲಿ ಯಾವಾಗ್ಲೂ ಇನ್ನೊಂದನ್ನ ಬರೀಬೇಕು: ಇನ್ನೂ ತೆರೆದಿರೋ ಪೋಸ್ಟ್‌ಗಳು ಎಷ್ಟು, ಅವು ಎಷ್ಟು ದಿನದಿಂದ ತೆರೆದಿವೆ.

ಆ ಸೊನ್ನೆ ಬಂದ ದಾರಿ

ನಾನು ಈ ವಿವರಣೆ ಕೊಡೋ ಹೊತ್ತಿಗೆ ತಡ ಆಗಿತ್ತು. 135 ಅನ್ನೋ ಸಂಖ್ಯೆ ಮೇಲಿನವರ ಕಿವಿಗೆ ಬಿದ್ದು, ನವೆಂಬರ್‌ನಲ್ಲಿ ಹೊಸ ಮೂರು ಪೋಸ್ಟ್‌ಗೆ ಆದೇಶ ಬಂತು: ಒಪ್ಪಿಗೆಯಿಂದ ಸೇರೋವರೆಗೆ 60 ದಿನ ಮೀರಬಾರದು. ಇದನ್ನ ಸಾಧಿಸೋಕೆ ಸುಲಭದ ದಾರಿ ಒಂದೇ. ನೋಟಿಸ್ ಪೀರಿಯಡ್ 30 ದಿನಕ್ಕಿಂತ ಹೆಚ್ಚಿದ್ದವರನ್ನ ಮೊದಲೇ ತೆಗೆದುಬಿಡೋದು. ಯಾರೋ ಬಂದು ಅರ್ಹತೆಯ ನಿಯಮಕ್ಕೆ ಒಂದು ಸಾಲು ಸೇರಿಸಿ ಅಂದ್ರು. ಸೇರಿಸಿದ್ದು ನಾನೇ:

```sql
qualified = (java_years BETWEEN 4 AND 7)
        AND can_reach_airoli
        AND notice_days <= 30
```

ಮೊದಲ ಎರಡು ಸಾಲು ಮನುಷ್ಯನಿಗೆ ಕೆಲಸ ಬರತ್ತಾ, ಇಲ್ಲಿಗೆ ಬರೋಕಾಗತ್ತಾ ಅಂತ ಕೇಳತ್ತೆ. ಮೂರನೆಯದು ಅವನ ಈಗಿನ ಕಂಪನಿ ಯಾವ ಕಾಗದಕ್ಕೆ ಸಹಿ ಹಾಕಿಸ್ಕೊಂಡಿದೆ ಅಂತ ಕೇಳತ್ತೆ. ಇವೆರಡೂ ಬೇರೆ ಬೇರೆ ಪ್ರಶ್ನೆ. ಒಂದೇ ಕಾಲಂನಲ್ಲಿ ಕಲಸಿದ ಮೇಲೆ ಆ ವ್ಯತ್ಯಾಸ ಡ್ಯಾಶ್‌ಬೋರ್ಡ್‌ನಲ್ಲಿ ಕಾಣಿಸಲ್ಲ.

ಪೋರ್ಟಲ್‌ನಲ್ಲಿ ಹಿಂದಿನಷ್ಟೇ ಖರ್ಚು, ಹಿಂದಿನಷ್ಟೇ 300 ಅರ್ಜಿ. ಆದ್ರೆ ಅರ್ಹರು ಆರೇ ಜನ. ದರ ₹2,400ರಿಂದ ₹12,000ಕ್ಕೆ ಏರಿತು. "ಪೋರ್ಟಲ್ ಕೆಟ್ಟುಹೋಗಿದೆ, ಬೇರೆ ಕಡೆ ದುಡ್ಡು ಹಾಕೋಣ" ಅನ್ನೋ ಮಾತು ಬಂತು. ಪೋರ್ಟಲ್ ಬದಲಾಗಿರಲಿಲ್ಲ, ನಮ್ಮ ವ್ಯಾಖ್ಯಾನ ಬದಲಾಗಿತ್ತು. ಅರ್ಜಿಗಳ ಸಂಖ್ಯೆ ಅಷ್ಟೇ ಇದ್ದು, ಅರ್ಹರು ಮಾತ್ರ ಒಂದೇ ವಾರದಲ್ಲಿ ಧಡಕ್ಕನೆ ಬಿದ್ರೆ, ಮೊದಲು ನೋಡಬೇಕಾದ್ದು ಜಾಹೀರಾತನ್ನಲ್ಲ, ನಿಯಮ ಯಾರು ಯಾವತ್ತು ತಿದ್ದಿದ್ರು ಅನ್ನೋದನ್ನ.

ಆ ಆರು ಜನರಲ್ಲಿ ಮೂವರಿಗೆ ಆಫರ್ ಹೋಯ್ತು. ಮೂವರೂ ಒಪ್ಪಿದ್ರು. ಟೈಮ್ ಟು ಹೈರ್ ಗಡಿಯಾರ ಅಲ್ಲಿಗೇ ನಿಂತಿತು, ಡ್ಯಾಶ್‌ಬೋರ್ಡ್ ಹಸಿರಾಯ್ತು. ಸೇರೋ ದಿನ ಬಂದಿದ್ದು ಒಬ್ಬರೇ. ಯೋಚಿಸಿ ನೋಡಿದ್ರೆ ಇದರಲ್ಲಿ ಆಶ್ಚರ್ಯ ಇಲ್ಲ. ಮೂವತ್ತು ದಿನದಲ್ಲಿ ಬರ್ತೀನಿ ಅನ್ನೋ ಅನುಭವಿ ಯಾರು? ತೊಂಬತ್ತು ದಿನದ ನೋಟಿಸ್‌ನಲ್ಲಿ ಆಗಲೇ ಅರವತ್ತು ದಿನ ಕಳೆದವನು. ಅಂದ್ರೆ ಬೇರೆ ಕಡೆ ಆಫರ್ ಸಿಕ್ಕಿ ರಾಜೀನಾಮೆ ಕೊಟ್ಟವನು. ಅವನ ಕೈಯಲ್ಲಿ ಇನ್ನೊಂದು, ಮತ್ತೊಂದು ಕಾಗದ ಇರೋ ಸಾಧ್ಯತೆ ಹೆಚ್ಚು. ನಮ್ಮ ನಿಯಮ ಬೇಗ ಬರೋರನ್ನ ಆರಿಸಿದ್ದಲ್ಲ, ಕೈ ಕೊಡೋ ಸಾಧ್ಯತೆ ಹೆಚ್ಚಿರೋರನ್ನೇ ಆರಿಸಿತ್ತು.

ಇದೇ ಹೊತ್ತಿಗೆ ನಮ್ಮ ಡೊಂಬಿವಲಿ ಹುಡುಗನ ಫೋನ್ ಬಂದಿದ್ದು. ಅವನಿಗೆ ಹೇಳೇ ಅವನ ಸಾಲು ತೆಗೆದು ನೋಡಿದೆ. ಜಾವಾ ಐದು ವರ್ಷ, ಸರಿ. ಐರೋಲಿ, ಸರಿ. ನೋಟಿಸ್ 90. ಹಾಗಾಗಿ ಸೊನ್ನೆ. ಅವನ ರೆಸ್ಯೂಮೆ ಯಾರೂ ತೆರೆದೇ ಇರಲಿಲ್ಲ. ಅವತ್ತು ರಾತ್ರಿ ಹಳೇ ನಿಯಮದಲ್ಲಿ ಅದೇ 300 ಅರ್ಜಿಗಳನ್ನ ಮತ್ತೆ ಓಡಿಸಿದೆ. ಅರ್ಹರು 29 ಬಂದ್ರು. ಇಪ್ಪತ್ಮೂರು ಜನ ಬರೀ ಆ ಒಂದು ಸಾಲಿಗೆ ಬಿದ್ದುಹೋಗಿದ್ರು.

ಈಗ ಹೇಗೆ ಇಟ್ಟಿದೀವಿ

ಆ 23ರ ಪಟ್ಟಿಯನ್ನ ಮ್ಯಾನೇಜರ್ ಮುಂದೆ ಇಟ್ಟೆ. ವಾದ ಮಾಡಲಿಲ್ಲ, ಮೊದಲ ಐದು ರೆಸ್ಯೂಮೆ ನೀವೇ ಓದಿ ಅಂದೆ. ಓದಿ ನಾಲ್ವರನ್ನ ಕರೀರಿ ಅಂದ್ರು. ಅಲ್ಲಿಂದ ನಿಯಮ ಬದಲಾಯ್ತು.

ಈಗ ಅರ್ಹತೆಯ ಕಾಲಂನಲ್ಲಿ ಕೆಲಸ ಬರತ್ತಾ, ಆಫೀಸಿಗೆ ಬರೋಕಾಗತ್ತಾ ಅನ್ನೋದು ಮಾತ್ರ ಇದೆ. ಸೇರಬಹುದಾದ ದಿನ ಅದರ ಪಕ್ಕದಲ್ಲಿ ಬೇರೆಯೇ ಕಾಲಂ. ತುರ್ತಿರೋ ಮ್ಯಾನೇಜರ್ ಅದನ್ನ ನೋಡಿ ಆರಿಸಬಹುದು, ಆದ್ರೆ ಅರ್ಜಿ ಅವರ ಕಣ್ಣಿಗೆ ಬೀಳದೇ ಮಾಯ ಆಗಲ್ಲ. ಸುತ್ತು ಶುರುವಾಗೋ ಮುಂಚೆ ನಿಯಮ ಬರೆದು ತಾರೀಖು ಹಾಕ್ತೀವಿ. ಮಧ್ಯೆ ಬದಲಾದ್ರೆ ಹಳೇ ನಿಯಮದ ದರವನ್ನೂ ಹೊಸ ನಿಯಮದ ದರವನ್ನೂ ಅಕ್ಕಪಕ್ಕ ತೋರಿಸ್ತೀವಿ. ತಿಂಗಳಿಗೊಮ್ಮೆ ಸೊನ್ನೆ ಬಿದ್ದ ಅರ್ಜಿಗಳಲ್ಲಿ ಇಪ್ಪತ್ತನ್ನ ಚೀಟಿ ಎತ್ತಿದ ಹಾಗೆ ಎತ್ತಿ ಟೆಕ್ ಲೀಡ್‌ಗೆ ಕೊಡ್ತೀವಿ. ಅದರಲ್ಲಿ ಎರಡು ಮೂರನ್ನ ಅವರು "ಇವರನ್ನ ಯಾಕೆ ಬಿಟ್ರಿ?" ಅಂತ ಕೇಳಿದ್ರೆ ನಿಯಮದಲ್ಲೇ ತಪ್ಪಿದೆ ಅಂತ ಅರ್ಥ. ಬರೀ ಅರ್ಹರ ದರ ನೋಡ್ತಾ ಕೂತ್ರೆ ಈ ತಪ್ಪು ಯಾವತ್ತೂ ಗೊತ್ತಾಗಲ್ಲ, ಯಾಕಂದ್ರೆ ತಪ್ಪಿ ಬಿದ್ದವರು ಆ ಲೆಕ್ಕದೊಳಗೆ ಇರೋದೇ ಇಲ್ಲ.

ದಿನಗಳನ್ನೂ ಮೂರು ತುಂಡು ಮಾಡಿದೀವಿ: ಒಪ್ಪಿಗೆಯಿಂದ ಜಾಹೀರಾತಿನವರೆಗೆ, ಅರ್ಜಿಯಿಂದ ಆಫರ್ ಒಪ್ಪೋವರೆಗೆ, ಅಲ್ಲಿಂದ ನಿಜವಾಗಿ ಸೇರೋವರೆಗೆ. ಸೇರದವರ ಸಂಖ್ಯೆ ಮೂರನೆಯದರ ಕೆಳಗೆ. ಮೊದಲ ತುಂಡು ಹದಿನಾಲ್ಕು ದಿನದಿಂದ ನಾಲ್ಕಕ್ಕೆ ಇಳಿದಿದೆ, ಯಾಕಂದ್ರೆ ಅದು ಯಾರ ಇನ್‌ಬಾಕ್ಸ್‌ನಲ್ಲಿ ಕೂತಿದೆ ಅಂತ ಈಗ ಎಲ್ಲರಿಗೂ ಕಾಣತ್ತೆ. ನೋಟಿಸ್‌ನ ತೊಂಬತ್ತು ದಿನ ತೊಂಬತ್ತೇ ಇದೆ. ಅದನ್ನ ಯಾವ ಜಾಹೀರಾತೂ ಕಡಿಮೆ ಮಾಡಲ್ಲ. ಅಷ್ಟು ಮುಂಚೆ ಪೋಸ್ಟ್‌ಗೆ ಒಪ್ಪಿಗೆ ಕೊಡೋದೊಂದೇ ದಾರಿ.

ಅಪ್ಲೈ ಮಾಡ್ತಾ ಇರೋ ನಿಮಗೆ ಇದರಿಂದ ಒಂದು ಮಾತು. ಕಾಲ್ ಬರಲಿಲ್ಲ ಅಂದ್ರೆ ಯಾರೋ ನಿಮ್ಮ ರೆಸ್ಯೂಮೆ ಓದಿ ಬೇಡ ಅಂದ್ರು ಅಂತಲೇ ಅಲ್ಲ. ಎಷ್ಟೋ ಸಲ ಫಾರ್ಮ್‌ನ ಒಂದು ಡ್ರಾಪ್‌ಡೌನ್ ಅದನ್ನ ತೀರ್ಮಾನ ಮಾಡಿರತ್ತೆ. ಆಗಲೇ ರಾಜೀನಾಮೆ ಕೊಟ್ಟಿದ್ರೆ ನೋಟಿಸ್ ಜಾಗದಲ್ಲಿ 90 ಅಂತ ಹಾಕಬೇಡಿ, ಉಳಿದಿರೋ ದಿನ ಹಾಕಿ. ನೋಟಿಸ್ ಬೈಔಟ್ ಸಾಧ್ಯ ಇದ್ರೆ ಬರೀರಿ. ಸುಳ್ಳು ಮಾತ್ರ ಹಾಕಬೇಡಿ, ಆಫರ್ ಹೊತ್ತಿಗೆ ರಿಲೀವಿಂಗ್ ತಾರೀಖು ಕೇಳೇ ಕೇಳ್ತಾರೆ. ಸಾಧ್ಯ ಇದ್ದರೆ ಆ ಕಂಪನಿಯಲ್ಲಿರೋ ಯಾರಾದ್ರೂ ಪರಿಚಯದವರ ಮೂಲಕ ರೆಫರಲ್ ಹಾಕ್ಸಿ. ನಮ್ಮ ಆಫೀಸಿನಲ್ಲಿ ರೆಫರಲ್ ಅರ್ಜಿಗೆ ಈ ಜರಡಿ ಇಲ್ಲ, ಮನುಷ್ಯರೇ ತೆರೆದು ನೋಡ್ತಾರೆ.

ಆ ಹುಡುಗನಿಗೆ ಏನಾಯ್ತು ಅಂತ ವಿಡಿಯೋದ ಕೆಳಗೆ ಬಹಳ ಜನ ಕೇಳಿದೀರಿ. ನಿಯಮ ಬದಲಾದ ಮೇಲೆ ಮೇಡಂ ಅವನಿಗೂ ಫೋನ್ ಮಾಡಿದ್ರು. ಅಷ್ಟರಲ್ಲಿ ಅವನು ಇನ್ನೊಂದು ಕಡೆ ಆಫರ್ ಒಪ್ಪಿ ಆಗಿತ್ತು. ಅಲ್ಲಿ ತೊಂಬತ್ತು ದಿನ ಕಾಯ್ತಾರಂತೆ. "ಇರ್ಲಿ ಬಿಡ್ರಿ ಅಣ್ಣಾ, ನೋಡಿದ್ರಲ್ಲ, ಅಷ್ಟ ಸಾಕು" ಅಂದ. ನಮ್ಮ ಮೂರು ಪೋಸ್ಟ್‌ಗಳಲ್ಲಿ ಎರಡು ಇದನ್ನ ಬರೆಯೋ ಹೊತ್ತಿಗೂ ಖಾಲಿ ಇವೆ.

ಮುಂದಿನ ವಾರ ಸಿಗೋಣ.